ಮಗುವಿನ ಕೈಗೆ ಆಟ ಕೊಡುವ ಮೊದಲು ಅರ್ಧ ಗಂಟೆ ನೀವೇ ಆಡಿ

ತಿಪಟೂರಿನಿಂದ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ಮಗ ರೋಬ್ಲಾಕ್ಸ್ ಆಟ ಬೇಕೆಂದು ಎರಡು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದಾನೆ. ಕ್ಲಾಸಿನವರೆಲ್ಲ ಆಡುತ್ತಾರಂತೆ. ಹಾಕಿ ಕೊಡಲೋ ಬೇಡವೋ, ಒಂದೇ ಮಾತಿನಲ್ಲಿ ಹೇಳು."

ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಹುಡುಗನಿಗೆ ಎಂಟು ವರ್ಷ, ಮೂರನೆಯ ತರಗತಿ. ಹೋದ ವರ್ಷ ಇನ್ನೊಂದು ಆಟದಲ್ಲಿ, ಅದರ ಹೆಸರು ಇಲ್ಲಿ ಬೇಡ, ಭಾವನ ಸಾವಿರ ರೂಪಾಯಿಯನ್ನು ಒಂದು ಬೆಳಗ್ಗೆ ತಿಂಡಿಯ ಹೊತ್ತಿಗೆ ಕರಗಿಸಿದವನು ಇವನೇ. ವಿಷಯ ತಿಳಿದ ದಿನ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಒಟಿಪಿ ಬರದೆ ಹಣ ಹೋದದ್ದು ಹೇಗೆ? ಅದರ ಉತ್ತರ ಮುಂದೆ ಬರುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಆಟ ಹಾಕಿಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಒಳಗೆ ಏನನ್ನು ತೋರಿಸುತ್ತಾರೆ, ಹಣ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಯಾರು ಮಾತನಾಡಿಸುತ್ತಾರೆ. ಆಟದ ಹೆಸರಿನ ಕೆಳಗೆ ಕಾಣುವ 3+, 7+ ಎಂಬ ಸಂಖ್ಯೆ ಮೊದಲನೆಯ ಪ್ರಶ್ನೆಗೆ ಮಾತ್ರ, ಅದೂ ಅರ್ಧಂಬರ್ಧ, ಉತ್ತರ ಕೊಡುತ್ತದೆ. ನಾವು ಮೂರಕ್ಕೂ ಅದೇ ಉತ್ತರ ಎಂದುಕೊಂಡು ಫೋನನ್ನು ಕೈಗೆ ಕೊಟ್ಟುಬಿಡುತ್ತೇವೆ.

ತಂಗಿಯ ಮನೆಯಲ್ಲಿ ನಾನು ಮಾಡಿದ್ದನ್ನೇ ಹಂತಹಂತವಾಗಿ ಬರೆಯುತ್ತೇನೆ. ಅವರದ್ದು ಆಂಡ್ರಾಯ್ಡ್ ಫೋನ್. ಐಫೋನಿನ ಮಾತು ಬಂದಲ್ಲಿ ಬೇರೆಯಾಗಿ ಹೇಳುತ್ತೇನೆ.

ಮೊದಲ ಹಂತ: ಅಂಗಡಿಯ ಪುಟವನ್ನು ಕೆಳಗಿನವರೆಗೆ ಓದುವುದು

ಪ್ಲೇ ಸ್ಟೋರಿನಲ್ಲಿ ಆಟದ ಪುಟ ತೆರೆದ ಕೂಡಲೇ Install ಗುಂಡಿ ಕಣ್ಣಿಗೆ ರಾಚುತ್ತದೆ. ಅದನ್ನು ಬಿಟ್ಟು, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲನ್ನು ನೋಡಿ. Contains ads ಎಂದಿದ್ದರೆ ಜಾಹೀರಾತು ಇದೆ, In-app purchases ಎಂದಿದ್ದರೆ ಒಳಗೆ ಅಂಗಡಿ ಇದೆ ಎಂದು ಅರ್ಥ. ಆಮೇಲೆ About this game ಎಂಬಲ್ಲಿ ಒತ್ತಿ ಕೆಳಗಿನವರೆಗೆ ಹೋಗಿ. ಹೆಚ್ಚಿನವರು ಅಲ್ಲಿಯತನಕ ಹೋಗುವುದೇ ಇಲ್ಲ. ಒಳಗೆ ಮಾರುವ ವಸ್ತುಗಳ ಕನಿಷ್ಠ ಬೆಲೆ ಮತ್ತು ಗರಿಷ್ಠ ಬೆಲೆ ಅಲ್ಲಿ ರೂಪಾಯಿಯಲ್ಲಿಯೇ ಬರೆದಿರುತ್ತದೆ. ಕನಿಷ್ಠ ಬೆಲೆ ಹತ್ತಿಪ್ಪತ್ತು ರೂಪಾಯಿ ಇದ್ದರೆ ಮೋಸಹೋಗಬೇಡಿ. ಗರಿಷ್ಠ ಬೆಲೆ ಸಾವಿರಗಟ್ಟಲೆ ಇದ್ದರೆ, ಸಾವಿರಗಟ್ಟಲೆ ಖರ್ಚು ಮಾಡುವವರನ್ನು ನೆಚ್ಚಿಕೊಂಡೇ ಆ ಆಟವನ್ನು ಕಟ್ಟಿದ್ದಾರೆ ಎಂದು ನಾನು ಲೆಕ್ಕ ಹಾಕುತ್ತೇನೆ. ಮಕ್ಕಳ ಬಣ್ಣ ತುಂಬುವ ಆಟದಲ್ಲಿ ಐದು ಸಾವಿರದ ವಸ್ತು ಏಕಿರಬೇಕು?

ಇನ್ನು ವಯಸ್ಸಿನ ಸಂಖ್ಯೆ. ಭಾರತದಲ್ಲಿ ಪ್ಲೇ ಸ್ಟೋರ್ ತೋರಿಸುವ 3+, 7+, 12+, 16+, 18+ ಎಂಬ ಸಂಖ್ಯೆಗಳು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಯಿಂದ ಬರುತ್ತವೆ. ಆಟ ಮಾಡಿದ ಕಂಪನಿ ಒಂದು ಪ್ರಶ್ನಾವಳಿ ತುಂಬುತ್ತದೆ: ರಕ್ತ ಇದೆಯೇ, ಬೈಗುಳ ಇದೆಯೇ, ಮದ್ಯ ಇದೆಯೇ, ಜೂಜು ಇದೆಯೇ. ಆ ಉತ್ತರಗಳ ಮೇಲೆ ಸಂಖ್ಯೆ ಹುಟ್ಟುತ್ತದೆ. ಅಂದರೆ ಪ್ರತಿ ಆಟವನ್ನೂ ಯಾರೋ ಕೂತು ಆಡಿ ಕೊಟ್ಟ ಅಂಕವಲ್ಲ ಅದು. 3+ ಎಂದರೆ ಮೂರು ವರ್ಷದ ಮಗುವಿಗೆಂದು ಮಾಡಿದ ಆಟ ಎಂಬ ಅರ್ಥವೂ ಇಲ್ಲ. ಲೆಕ್ಕದ ಪುಸ್ತಕದಂತಹ ಒಂದು ಆ್ಯಪ್‌ಗೂ 3+ ಸಿಗಬಹುದು, ಅದರಲ್ಲಿ ಹೆದರಿಸುವಂಥದ್ದು ಏನೂ ಇಲ್ಲವಲ್ಲ.

ಹಾಗಾಗಿ ಸಂಖ್ಯೆಗಿಂತ ಅದರ ಜೊತೆಗಿರುವ ಪದಗಳು ಮುಖ್ಯ. ವಯಸ್ಸಿನ ವಿವರ ತೆರೆದರೆ Interactive elements ಎಂಬ ಸಾಲು ಕಾಣಬಹುದು. ಅಲ್ಲಿ Users Interact ಎಂದಿದ್ದರೆ ಆಟಗಾರರು ಒಬ್ಬರನ್ನೊಬ್ಬರು ಮಾತನಾಡಿಸಬಹುದು ಅಥವಾ ತಮ್ಮದೇನನ್ನೋ ಹಂಚಿಕೊಳ್ಳಬಹುದು ಎಂದು ಅರ್ಥ. ಆ ಮಾತುಗಳು ವಯಸ್ಸಿನ ಸಂಖ್ಯೆಯ ಲೆಕ್ಕಕ್ಕೆ ಬಂದಿರುವುದಿಲ್ಲ. ಕಾರ್ಟೂನ್ ಕಾರುಗಳ ಓಟದ ಆಟಕ್ಕೆ 3+ ಸಿಕ್ಕಿದ್ದರೂ ಪಕ್ಕದ ಕಾರಿನವನು ಏನು ಹೇಳುತ್ತಾನೆ ಎಂಬುದಕ್ಕೆ ಅಂಕ ಕೊಡುವವರು ಯಾರೂ ಇಲ್ಲ.

Data safety ಎಂಬ ಭಾಗವನ್ನೂ ಒಮ್ಮೆ ತೆರೆಯಿರಿ. ಮಕ್ಕಳಿಗಾಗಿಯೇ ಇರುವ ಆ್ಯಪ್ ಆಗಿದ್ದರೆ Committed to follow the Play Families Policy ಎಂಬ ಮಾತು ಅಲ್ಲಿ ಇರಬಹುದು. ಅದು ಇದ್ದರೆ ಒಳ್ಳೆಯದು. ಕಾರ್ಟೂನ್ ಮುಖದ ಆಟದಲ್ಲಿ ಅದು ಇಲ್ಲದಿದ್ದರೆ, ಅದನ್ನು ಮಕ್ಕಳಿಗೆಂದು ಮಾಡಿದ್ದಾರೆ ಎಂದು ನಾವೇ ಊಹಿಸಿಕೊಂಡಿರಬಹುದು.

ಕೊನೆಗೆ ವಿಮರ್ಶೆಗಳು. ಐದು ನಕ್ಷತ್ರದವನ್ನು ಓದಿ ಪ್ರಯೋಜನವಿಲ್ಲ. ಒಂದು ನಕ್ಷತ್ರದವನ್ನು ಮಾತ್ರ ಆರಿಸಿ, ಹೊಸದು ಮೊದಲು ಬರುವಂತೆ ಜೋಡಿಸಿ, ಇಪ್ಪತ್ತು ಓದಿ. ಜಾಹೀರಾತು ಜಾಸ್ತಿ, ಆಟ ನಿಂತುಹೋಗುತ್ತದೆ ಎಂಬ ಗೊಣಗಾಟವನ್ನು ಬಿಟ್ಟುಬಿಡಿ. ಹಣ ಕಟ್ ಆಯಿತು ವಸ್ತು ಬರಲಿಲ್ಲ, ಕೊಳಕು ಮಾತು ಆಡುತ್ತಾರೆ, ದೂರು ಕೊಟ್ಟರೂ ಕೇಳುವವರಿಲ್ಲ ಎಂಬಂಥವು ಇಪ್ಪತ್ತರಲ್ಲಿ ನಾಲ್ಕೈದು ಸಿಕ್ಕರೆ ನಾನು ಅಲ್ಲಿಗೇ ಪುಟ ಮುಚ್ಚುತ್ತೇನೆ.

ಐಫೋನಿನ ಆಪ್ ಸ್ಟೋರಿನಲ್ಲಿ ವಯಸ್ಸಿನ ಮೆಟ್ಟಿಲುಗಳು ಬೇರೆ. ಆ್ಯಪಲ್ 2025ರಲ್ಲಿ ಅವನ್ನು ಬದಲಿಸಿ 4+, 9+, 13+, 16+, 18+ ಎಂದು ಮಾಡಿತು. ಒಂದೇ ಆಟಕ್ಕೆ ಎರಡು ಅಂಗಡಿಗಳಲ್ಲಿ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ. ಎರಡರಲ್ಲಿ ದೊಡ್ಡದನ್ನು ನಂಬಿ.

ರೋಬ್ಲಾಕ್ಸ್ ಏಕೆ ಈ ಲೆಕ್ಕಕ್ಕೆ ಸಿಗುವುದಿಲ್ಲ

ರೋಬ್ಲಾಕ್ಸ್ ಒಂದು ಆಟವಲ್ಲ, ಆಟಗಳ ಸಂತೆ. ಕ್ಯಾಲಿಫೋರ್ನಿಯದ ಕಂಪನಿಯೊಂದು 2006ರಲ್ಲಿ ಇದನ್ನು ಜನರಿಗೆ ತೆರೆಯಿತು. ಒಳಗಿರುವ ಲಕ್ಷಾಂತರ ಆಟಗಳನ್ನು ಮಾಡುವವರು ಬಳಕೆದಾರರೇ. ಹೊರಗಿನ ಬೋರ್ಡಿಗೆ ಒಂದು ವಯಸ್ಸು ಹಚ್ಚಿದರೆ ಒಳಗಿನ ಎಲ್ಲ ಮಳಿಗೆಗಳಿಗೂ ಅದು ಹೊಂದುವುದು ಹೇಗೆ? ಅಮೆರಿಕದಲ್ಲಿ ಇದನ್ನು ಹದಿಹರೆಯದವರ ವರ್ಗಕ್ಕೆ ಸೇರಿಸಿ, ಒಳಗಿನದು ನಾನಾ ಬಗೆಯದು, ಎಚ್ಚರದಿಂದಿರಿ ಎಂಬ ಟಿಪ್ಪಣಿ ಸೇರಿಸಿದ್ದಾರೆ. ಬಳಕೆದಾರರೇ ಮಟ್ಟಗಳನ್ನು ಕಟ್ಟುವ ಯಾವುದೇ ಆಟಕ್ಕೂ ಈ ಟಿಪ್ಪಣಿ ಸಲ್ಲುತ್ತದೆ.

ಆದ್ದರಿಂದ ನೋಡಬೇಕಾದದ್ದು ಒಳಗಿನ ಚೀಟಿಯನ್ನು. 2024ರ ಕೊನೆಯಿಂದ ರೋಬ್ಲಾಕ್ಸ್ ತನ್ನೊಳಗಿನ ಆಟಗಳಿಗೆ Minimal, Mild, Moderate, Restricted ಎಂಬ ನಾಲ್ಕು ಚೀಟಿ ಅಂಟಿಸುತ್ತದೆ. ಒಂಬತ್ತು ತುಂಬದ ಮಗುವಿನ ಖಾತೆಗೆ ಮೊದಲ ಎರಡು ಮಾತ್ರ ತೆರೆಯುತ್ತವೆ. ಮೂರನೆಯದಕ್ಕೆ ಪೋಷಕರ ಒಪ್ಪಿಗೆ ಬೇಕು.

ಈ ಏರ್ಪಾಡೆಲ್ಲ ನಿಂತಿರುವುದು ಖಾತೆ ತೆರೆಯುವಾಗ ಕೊಟ್ಟ ಹುಟ್ಟಿದ ದಿನದ ಮೇಲೆ. ನಮ್ಮ ಹುಡುಗ ಆಗಲೇ ಗೆಳೆಯನ ಮನೆಯಲ್ಲಿ ಒಂದು ಖಾತೆ ತೆರೆದಿದ್ದ ಎಂದು ಆಮೇಲೆ ಬಾಯಿಬಿಟ್ಟ. ಹುಟ್ಟಿದ ವರ್ಷ ಏನು ಕೊಟ್ಟೆ ಎಂದು ಕೇಳಿದೆ. "2000, ಮಾಮ. ಬೆರಳಿನಿಂದ ತಳ್ಳಿದಾಗ ಅಲ್ಲಿ ನಿಂತಿತು." ಅಂದರೆ ಕಂಪನಿಯ ಪುಸ್ತಕದಲ್ಲಿ ಅವನು ಇಪ್ಪತ್ತು ದಾಟಿದ ಗಂಡಸು. ಆ ಖಾತೆಯನ್ನು ಸರಿಪಡಿಸಲು ಹೋಗದೆ ಬಿಟ್ಟುಬಿಟ್ಟು, ತಂಗಿಯ ಇಮೇಲ್ ಕೊಟ್ಟು, ನಿಜವಾದ ತಾರೀಕು ಹಾಕಿ ಹೊಸದನ್ನು ತೆರೆದೆವು. ನಿಮ್ಮ ಮನೆಯಲ್ಲಿ ಮಕ್ಕಳು ಈಗಾಗಲೇ ಯಾವುದಾದರೂ ಆಟ ಆಡುತ್ತಿದ್ದರೆ ಮೊದಲು ನೋಡಬೇಕಾದದ್ದು ಇದೇ: ಆಟದ ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹುಟ್ಟಿದ ವರ್ಷ. ಅದು ತಪ್ಪಾಗಿದ್ದರೆ ಮಕ್ಕಳಿಗೆಂದು ಕಂಪನಿ ಹಾಕಿದ ಬೇಲಿಗಳಲ್ಲಿ ಹೆಚ್ಚಿನವು ನಿಮ್ಮ ಮಗುವಿನ ಸುತ್ತ ಇರುವುದಿಲ್ಲ.

ಎರಡನೆಯ ಹಂತ: ಮಗು ಮಲಗಿದ ಮೇಲೆ ಅರ್ಧ ಗಂಟೆ

ಆಟವನ್ನು ನಿಮ್ಮ ಫೋನಿನಲ್ಲಿ ಹಾಕಿಕೊಂಡು, ಮಗುವಿನ ವಯಸ್ಸನ್ನೇ ಕೊಟ್ಟು, ಅರ್ಧ ಗಂಟೆ ಆಡಿ. ಗೆಲ್ಲುವುದು ಬೇಡ. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು, ಆಟ ನಿಮ್ಮನ್ನು ಎಷ್ಟು ಸಲ ಅಂಗಡಿಗೆ ಕರೆಯಿತು ಎಂದು ಗೀಟು ಹಾಕುತ್ತಾ ಹೋಗಿ. ಹೋದ ವರ್ಷ ಹಣ ನುಂಗಿದ ಆ ಆಟವನ್ನು ನಾನು ಹೀಗೆ ಆಡಿದಾಗ ಮೂವತ್ತು ನಿಮಿಷಕ್ಕೆ ಹತ್ತೊಂಬತ್ತು ಗೀಟು ಬಿದ್ದಿತ್ತು. ಸೋತಾಗ ಒಂದು ಸಲ, ಗೆದ್ದಾಗ ಇನ್ನೊಂದು ಸಲ. ಏನೂ ಮಾಡದೆ ಸುಮ್ಮನೆ ಕೂತಾಗಲೂ ಒಂದು ನಾಯಿಮರಿ ಬಂದು ಅಳುತ್ತಿತ್ತು, ಮೂಳೆ ಕೊಡಿಸಿ ಎಂದು. ಎಂಟು ವರ್ಷದವನು ಅಳುವ ನಾಯಿಮರಿಯನ್ನು ಬಿಟ್ಟು ಏಳುತ್ತಾನೆಯೇ?

ನಂತರ ಬೆಲೆಯನ್ನು ನೋಡಿ. ಇಂಥ ಆಟಗಳು ರೂಪಾಯಿಯಲ್ಲಿ ನೇರವಾಗಿ ವ್ಯಾಪಾರ ಮಾಡುವುದಿಲ್ಲ. ಮೊದಲು ವಜ್ರವನ್ನೋ ನಾಣ್ಯವನ್ನೋ ಕೊಳ್ಳಬೇಕು, ಅದರಿಂದ ಟೋಪಿ, ಕತ್ತಿ, ಕುದುರೆ. ರೋಬ್ಲಾಕ್ಸ್‌ನಲ್ಲಿ ಅದರ ಹೆಸರು ರೋಬಕ್ಸ್. ಹೀಗೆ ಮಾಡುವುದರಲ್ಲಿ ಎರಡು ಲಾಭ ಕಂಪನಿಗೆ. ಒಂದು, ನಾನ್ನೂರು ರೋಬಕ್ಸ್ ಎಂದರೆ ಎಷ್ಟು ರೂಪಾಯಿ ಎಂಬುದು ಮಗುವಿನ ತಲೆಗೆ ಹೋಗುವುದಿಲ್ಲ, ಎಷ್ಟೋ ಸಲ ದೊಡ್ಡವರ ತಲೆಗೂ. ಇನ್ನೊಂದು ಚಿಲ್ಲರೆಯ ಲೆಕ್ಕ. ನಾಣ್ಯದ ಪೊಟ್ಟಣ ನಾನ್ನೂರು ಮತ್ತು ಎಂಟುನೂರರದ್ದು ಎಂದುಕೊಳ್ಳಿ, ಮಗು ಆಸೆಪಟ್ಟ ಟೋಪಿಗೆ ನಾನೂರೈವತ್ತು. ಎಂಟುನೂರರ ಪೊಟ್ಟಣವನ್ನೇ ಕೊಳ್ಳಬೇಕು, ಮುನ್ನೂರೈವತ್ತು ಉಳಿಯುತ್ತದೆ. ಆ ಮುನ್ನೂರೈವತ್ತನ್ನು ವಾಪಸು ಕೊಡುವುದಿಲ್ಲ, ಅದರಲ್ಲಿ ಬೇಕಾದದ್ದು ಸಿಗುವುದೂ ಇಲ್ಲ. ಹಿಂದೆ ದಿನಸಿ ಅಂಗಡಿಯಲ್ಲಿ ಚಿಲ್ಲರೆಗೆ ಬದಲು ಚಾಕೊಲೇಟ್ ಕೊಡುತ್ತಿದ್ದರಲ್ಲ, ಇದು ಅದಕ್ಕಿಂತ ಒಂದು ಕೈ ಮೇಲು. ಇಲ್ಲಿ ಆ ಚಾಕೊಲೇಟ್ ತಿನ್ನಲು ಇನ್ನಷ್ಟು ಹಣ ಕಟ್ಟಬೇಕು.

ಕಾಗದದ ಮೇಲೆ ಭಾಗಾಕಾರ ಮಾಡಿ: ಪೊಟ್ಟಣದ ಬೆಲೆ ಭಾಗಿಸು ನಾಣ್ಯಗಳ ಸಂಖ್ಯೆ, ಗುಣಿಸು ವಸ್ತುವಿನ ಬೆಲೆ. ಬಂದ ರೂಪಾಯಿಯನ್ನು ಮಗುವಿಗೂ ತೋರಿಸಿ. ಒಂದು ನಾಣ್ಯದಿಂದ ಎರಡನೆಯ ನಾಣ್ಯ, ಅದರಿಂದ ಮೂರನೆಯದು ಎಂದು ಸುತ್ತಿಸುತ್ತಿದ್ದರೆ ಲೆಕ್ಕ ಮಾಡುವುದನ್ನು ಬಿಟ್ಟು ಆಟವನ್ನೇ ಬಿಡಿ. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟದ ಕಂಪನಿಯ ಮೇಲೆ ಅಮೆರಿಕದ ವ್ಯಾಪಾರ ಆಯೋಗವಾದ ಎಫ್‌ಟಿಸಿ ಹೊರಿಸಿದ ಆಪಾದನೆಗಳಲ್ಲಿ ಈ ಗೋಜಲು ನಾಣ್ಯದ್ದೂ ಒಂದು. ಒಳಗೆ ಏನಿದೆ ಎಂದು ಮೊದಲೇ ತಿಳಿಯದ ಪೆಟ್ಟಿಗೆಯನ್ನು ಹಣಕ್ಕೆ ಮಾರುವುದು ಇನ್ನೊಂದು. 2025ರ ಜನವರಿಯಲ್ಲಿ ಕಂಪನಿ ಎರಡು ಕೋಟಿ ಡಾಲರ್ ಕಟ್ಟಲು ಒಪ್ಪಿತು. ಹದಿನಾರು ತುಂಬದವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಅಂಥ ಪೆಟ್ಟಿಗೆ ಮಾರುವಂತಿಲ್ಲ ಎಂದೂ ಆಯಿತು. ಬೆಲ್ಜಿಯಂನಲ್ಲಿ ಆ ಪೆಟ್ಟಿಗೆಗಳನ್ನು 2018ರಲ್ಲಿಯೇ ಜೂಜು ಎಂದು ಪರಿಗಣಿಸಿದ್ದರು. ಪೆಟ್ಟಿಗೆ ತೆರೆಯುವಾಗ ಬೆಳಕು ಚಿಮ್ಮಿ, ಚಕ್ರ ತಿರುಗಿ, ಇನ್ನೇನು ದೊಡ್ಡದು ಸಿಕ್ಕಿತು ಎನ್ನುವಷ್ಟರಲ್ಲಿ ಪಕ್ಕದ ಮನೆಯಲ್ಲಿ ನಿಂತರೆ ಅದು ಯಾವ ಆಟ ಎಂದು ಜಾತ್ರೆ ನೋಡಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವ ಗುಂಡಿ ಎಲ್ಲಿದೆ ಎಂಬುದನ್ನೂ ಗಮನಿಸಿ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರಿನಲ್ಲಿ ಇದೇ ಎಫ್‌ಟಿಸಿಗೆ ಒಟ್ಟು 52 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರುಪಾವತಿಗೆಂದು. ಗುಂಡಿಗಳ ಜೋಡಣೆ ಹೇಗಿತ್ತೆಂದರೆ, ವಸ್ತುವನ್ನು ಸುಮ್ಮನೆ ನೋಡಲು ಹೋದವರ ಬೆರಳು ಪಕ್ಕದ ಗುಂಡಿಗೆ ತಾಗಿ ಖರೀದಿಯೇ ಆಗಿಬಿಡುತ್ತಿತ್ತು ಎಂಬುದು ಆಯೋಗದ ದೂರು. ಉಳಿದ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನಿನ ಉಲ್ಲಂಘನೆಗೆ. ಮಕ್ಕಳಿಗೂ ಮಾತು ಮತ್ತು ಬರಹದ ಚಾಟ್ ತಾನಾಗಿಯೇ ತೆರೆದಿರುತ್ತಿತ್ತು, ಅಪರಿಚಿತರ ಜೊತೆ ಆಟಕ್ಕೆ ಜೋಡಿಸುತ್ತಿದ್ದರು ಎಂಬ ಆಪಾದನೆಯೂ ಆ ದೂರಿನಲ್ಲಿತ್ತು. ಕೊಳ್ಳುವ ಮುನ್ನ "ಖಂಡಿತವೇ?" ಎಂದು ಕೇಳುತ್ತದೆಯೇ, ಚಾಟ್ ಮೊದಲಿನಿಂದಲೇ ತೆರೆದಿದೆಯೇ, ಈ ಎರಡನ್ನು ನಿಮ್ಮ ಅರ್ಧ ಗಂಟೆಯಲ್ಲಿ ನೀವೇ ಕಂಡುಕೊಳ್ಳಬಹುದು.

ಮೂರನೆಯ ಹಂತ: ಹಣದ ಬಾಯಿಗೆ ಬೀಗ

ಈಗ ಭಾವನ ಸಾವಿರ ರೂಪಾಯಿಯ ಕಥೆ. ಅವರು ತಮ್ಮ ಯಾವುದೋ ಚಂದಾಕ್ಕಾಗಿ ಸಾವಿರ ರೂಪಾಯಿಯ ಗೂಗಲ್ ಪ್ಲೇ ಕೋಡ್ ಕೊಂಡು ತಂಗಿಯ ಫೋನಿಗೆ ಹಾಕಿದ್ದರು. ಆ ಕ್ಷಣದಿಂದ ಆ ಹಣ ಬ್ಯಾಂಕಿನದ್ದಲ್ಲ, ಪ್ಲೇ ಸ್ಟೋರಿನ ಬ್ಯಾಲೆನ್ಸ್. ಅದನ್ನು ಖರ್ಚು ಮಾಡಲು ಬ್ಯಾಂಕಿನ ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಪ್ಲೇ ಸ್ಟೋರ್ ತನ್ನ ಕಡೆಯಿಂದ ಬೆರಳಚ್ಚು ಕೇಳಿತು. ಬೆರಳಚ್ಚು ಹೊಂದಿತು. ಏಕೆಂದರೆ, ಅಡುಗೆಮನೆಯಲ್ಲಿ ಕೈ ಒದ್ದೆ ಇದ್ದಾಗಲೆಲ್ಲ ಫೋನ್ ತೆರೆದುಕೊಡಬೇಕಾದ ಕಾಟ ತಪ್ಪಲಿ ಎಂದು ತಂಗಿಯೇ ಮಗನ ಬೆರಳನ್ನು ಫೋನಿಗೆ ಸೇರಿಸಿದ್ದಳು. ಫೋನಿಗೆ ಎಲ್ಲ ಬೆರಳೂ ಒಂದೇ.

ಆದ್ದರಿಂದ ಬೀಗ ಹಾಕುವ ಕ್ರಮ ಹೀಗೆ. ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಮಗುವಿನ ಬೆರಳಚ್ಚನ್ನು ಅಳಿಸಿ. ಪ್ಯಾಟರ್ನ್ ಅವನಿಗೆ ಗೊತ್ತಿದ್ದರೆ ಅದನ್ನೂ ಬದಲಿಸಿ. ಆಮೇಲೆ ಪ್ಲೇ ಸ್ಟೋರ್ ತೆರೆದು, ಮೇಲಿರುವ ನಿಮ್ಮ ಚಿತ್ರ ಒತ್ತಿ, Settings ಒಳಗೆ Purchase verification ಎಂಬುದನ್ನು ಹುಡುಕಿ. ಹಳೆಯ ಫೋನುಗಳಲ್ಲಿ ಅದು Require authentication for purchases ಎಂದಿರಬಹುದು. ಪ್ರತಿ ಖರೀದಿಗೂ ಕೇಳು ಎಂಬ ಆಯ್ಕೆಯನ್ನೇ ಒತ್ತಿ. ಮೂವತ್ತು ನಿಮಿಷಕ್ಕೊಮ್ಮೆ ಎಂಬ ಆಯ್ಕೆ ಕಂಡರೆ ಅದು ಬೇಡ. ನೀವು ಒಮ್ಮೆ ಹತ್ತು ರೂಪಾಯಿಗೆ ಒಪ್ಪಿಗೆ ಕೊಟ್ಟು ಫೋನ್ ಕೊಟ್ಟರೆ ಉಳಿದ ಹೊತ್ತು ಅಂಗಡಿಯ ಬಾಗಿಲು ತೆರೆದೇ ಇರುತ್ತದೆ.

ಅದೇ Settings ಒಳಗೆ Family, ಅದರೊಳಗೆ Parental controls ಇದೆ. ಪಿನ್ ಇಟ್ಟು, Apps & games ಎಂಬಲ್ಲಿ 7+ ವರೆಗೆ ಮಾತ್ರ ಎಂದು ಆರಿಸಿದರೆ ಅದಕ್ಕಿಂತ ಮೇಲಿನದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಈಗಾಗಲೇ ಫೋನಿನಲ್ಲಿರುವ ಆಟವನ್ನು ಅದು ತೆಗೆಯುವುದಿಲ್ಲ, ಅದು ನಿಮ್ಮ ಕೆಲಸ. ಐಫೋನಿನಲ್ಲಿ Screen Time ಒಳಗೆ Content & Privacy Restrictions, ಅದರೊಳಗೆ iTunes & App Store Purchases, ಅಲ್ಲಿ In-app Purchases ಎಂಬುದಕ್ಕೆ Don't Allow ಕೊಟ್ಟರೆ ಕೆಲಸ ಮುಗಿಯಿತು.

ಮಗುವಿಗೆ ಬೇರೆ ಫೋನ್ ಅಥವಾ ಟ್ಯಾಬ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಗುವಿನ ಹೆಸರಿನಲ್ಲಿಯೇ ಖಾತೆ ಮಾಡಿ, ಪ್ರತಿ ಖರೀದಿಯೂ ನಿಮ್ಮ ಫೋನಿಗೆ ಒಪ್ಪಿಗೆಗೆ ಬರುವಂತೆ ಇಡಬಹುದು. ಇದಕ್ಕೊಂದು ಮಿತಿಯಿದೆ. ಒಪ್ಪಿಗೆ ಕೇಳುವುದು ಪ್ಲೇ ಸ್ಟೋರಿನ ಗಲ್ಲಾ ಮೂಲಕ ಹೋಗುವ ಹಣಕ್ಕೆ ಮಾತ್ರ. ಆಟದ ಸ್ವಂತ ಜಾಲತಾಣದಲ್ಲಿ ಕೊಂಡರೆ, ಉಡುಗೊರೆ ಕಾರ್ಡಿನ ಸಂಖ್ಯೆ ತಂದು ಹಾಕಿದರೆ ಅದಕ್ಕೆ ತಿಳಿಯುವುದೇ ಇಲ್ಲ. ರೋಬ್ಲಾಕ್ಸ್‌ಗೆ ತನ್ನದೇ ತಿಂಗಳ ಖರ್ಚಿನ ಮಿತಿ ಇದೆ. ತಂದೆ ಅಥವಾ ತಾಯಿ ತಮ್ಮ ಖಾತೆ ತೆರೆದು, ಸರ್ಕಾರಿ ಗುರುತಿನ ಚೀಟಿ ಅಥವಾ ಕ್ರೆಡಿಟ್ ಕಾರ್ಡಿನಿಂದ ತಾವು ದೊಡ್ಡವರೆಂದು ತೋರಿಸಿ, ಮಗುವಿನ ಖಾತೆಗೆ ಜೋಡಿಸಿಕೊಂಡರೆ ಅದನ್ನು ನಿಗದಿ ಮಾಡಬಹುದು. ತಂಗಿ ಸೊನ್ನೆ ಹಾಕಿದಳು. ಹುಡುಗ ಅತ್ತ. ಅತ್ತರೂ ಅದು ಸೊನ್ನೆಯೇ.

ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. "ಮೂರು ದಿನ ಉಚಿತ" ಎಂದು ಶುರುವಾದ ವಾರದ ಚಂದಾ ಅಲ್ಲಿ ಕೂತಿರಬಹುದು. ಆ್ಯಪನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ Subscriptions ಪುಟದಲ್ಲಿ ರದ್ದು ಮಾಡಬೇಕು.

ಹಣ ಹೋಗಿಯೇ ಬಿಟ್ಟಿದ್ದರೆ ಗದರುವ ಮುನ್ನ ಗಡಿಯಾರ ನೋಡಿ. ಖರೀದಿಯಾಗಿ 48 ಗಂಟೆ ಕಳೆದಿಲ್ಲದಿದ್ದರೆ ಪ್ಲೇ ಸ್ಟೋರಿನ ಜಾಲತಾಣದಲ್ಲಿ ಆ ಆರ್ಡರ್ ಪಕ್ಕದಲ್ಲಿರುವ Report a problem ಒತ್ತಿ, ಮನೆಯ ಮಗು ಒಪ್ಪಿಗೆಯಿಲ್ಲದೆ ಕೊಂಡದ್ದು ಎಂದು ಬರೆದು ಹಣ ವಾಪಸು ಕೇಳಬಹುದು. ಹೆಚ್ಚು ಖರೀದಿ ಆಗಿದ್ದರೆ ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳಿ. 48 ಗಂಟೆ ಕಳೆದರೆ ಆಟದ ಕಂಪನಿಯ ಬಾಗಿಲನ್ನೇ ತಟ್ಟಬೇಕು, ಅದು ತೆರೆಯುವುದು ಅವರ ಇಷ್ಟ. ಯಾರೋ ಗುರುತಿಲ್ಲದವರು ನಿಮ್ಮ ಖಾತೆ ಬಳಸಿ ಕೊಂಡಿದ್ದರೆ ಮಾತ್ರ 120 ದಿನಗಳವರೆಗೆ ಗೂಗಲ್‌ಗೆ ದೂರು ಕೊಡಬಹುದು. ಐಫೋನಿನವರು ಹೋಗಬೇಕಾದ ವಿಳಾಸ reportaproblem.apple.com. ಭಾವನಿಗೆ ವಿಷಯ ತಿಳಿದದ್ದು ನಾಲ್ಕನೆಯ ದಿನ, ಹಾಗಾಗಿ ಸಾವಿರವೂ ಹೋಯಿತು.

ಹಣ "ಠೇವಣಿ" ಇಡು, ಗೆದ್ದರೆ "ಹಿಂಪಡೆ" ಎನ್ನುವ ರಮ್ಮಿ, ಫ್ಯಾಂಟಸಿ ಆಟಗಳನ್ನು ಇಲ್ಲಿ ತೂಗಿ ನೋಡುವ ಪ್ರಶ್ನೆಯೇ ಇಲ್ಲ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಅಂಥದ್ದೊಂದು ಮಗುವಿನ ಫೋನಿನಲ್ಲಿ ಕಂಡರೆ ಅದು ಅಂಗಡಿಯ ಹೊರಗಿನಿಂದ, ಎಪಿಕೆ ಎಂಬ ಆ್ಯಪ್ ಫೈಲಾಗಿ ಬಂದಿರುವ ಸಾಧ್ಯತೆಯೇ ಹೆಚ್ಚು.

ನಾಲ್ಕನೆಯ ಹಂತ: ಮಾತನಾಡಿಸುವವರು ಯಾರು

ಚಾಟ್ ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು. ಕೆಲವು ಆಟಗಳಲ್ಲಿ "ಶಭಾಷ್", "ಬೇಗ ಬಾ" ಎಂಬಂಥ ಸಿದ್ಧ ಮಾತುಗಳ ಪಟ್ಟಿ ಮಾತ್ರ ಇರುತ್ತದೆ. ಅದು ಎಂಟು ವರ್ಷದವನಿಗೆ ಸಾಕು. ಕೆಲವದರಲ್ಲಿ ಬೇಕಾದ್ದನ್ನು ಬರೆಯಬಹುದು, ಆದರೆ ಒಪ್ಪಿಕೊಂಡ ಗೆಳೆಯರಿಗೆ ಮಾತ್ರ. ಇನ್ನು ಕೆಲವದರಲ್ಲಿ ಆ ಕ್ಷಣ ಆಟದಲ್ಲಿರುವ ಯಾರು ಬೇಕಾದರೂ ಬರೆಯಬಹುದು, ಮೈಕ್ ಹಿಡಿದು ಮಾತನಾಡಬಹುದು. ಹತ್ತು ವರ್ಷದೊಳಗಿನವರಿಗೆ ಈ ಕೊನೆಯದು ಬೇಡವೇ ಬೇಡ ಎಂಬುದು ನನ್ನ ಮತ, ಆಟ ಎಷ್ಟೇ ಚೆನ್ನಾಗಿರಲಿ.

ನಿಮ್ಮ ಅರ್ಧ ಗಂಟೆಯಲ್ಲಿ ನಾಲ್ಕು ಜನ ಅಪರಿಚಿತರಿರುವ ಒಂದು ಪಂದ್ಯಕ್ಕೆ ಹೋಗಿ. ಒಬ್ಬರ ಹೆಸರಿನ ಮೇಲೆ ಬೆರಳಿಟ್ಟು, ಅವರನ್ನು ತಡೆಯಲು ಮತ್ತು ಅವರ ಮೇಲೆ ದೂರು ಕೊಡಲು ಎಷ್ಟು ಸಲ ಒತ್ತಬೇಕು ಎಂದು ಎಣಿಸಿ, ದೂರು ಕಳುಹಿಸದೆ ಹಿಂದೆ ಬನ್ನಿ. ಎರಡು ಮೂರು ಸಲ ಒತ್ತಿದರೆ ಸಿಗುವುದಾದರೆ ಮಗುವೂ ಮಾಡುತ್ತದೆ. ಇಂಗ್ಲಿಷಿನ ಉದ್ದದ ನಮೂನೆ ತುಂಬಿ ಎಂದರೆ ಎಂಟು ವರ್ಷದವನು ತುಂಬುವುದಿಲ್ಲ. ಆಟ ಮುಗಿದ ಮೇಲೆ ಗೆಳೆತನದ ಕೋರಿಕೆ ಬರುತ್ತದೆಯೇ, ಬಂದರೆ ಅದನ್ನು ಪೂರ್ತಿ ನಿಲ್ಲಿಸುವ ಗುಂಡಿ ಇದೆಯೇ ಎಂದೂ ನೋಡಿ. ಮೈಕಿನ ಮಟ್ಟಿಗೆ ಆಟದ ಮಾತನ್ನು ನಂಬುವುದೇ ಬೇಡ. ಫೋನಿನ Settings, Apps, ಆಟದ ಹೆಸರು, Permissions, Microphone, Don't allow. ಇಷ್ಟು ಮಾಡಿದರೆ ಮಗುವಿನ ದನಿ ಹೊರಗೆ ಹೋಗುವುದಿಲ್ಲ. ಬೇರೆಯವರ ದನಿ ಒಳಗೆ ಬರುವುದನ್ನು ಮಾತ್ರ ಆಟದೊಳಗೇ ನಿಲ್ಲಿಸಬೇಕು.

ಬೈಗುಳ ಕಿವಿಗೆ ಬಿದ್ದೀತು ಎಂಬುದು ಸಣ್ಣ ಭಯ. ದೊಡ್ಡದು ಬೇರೆ, ಮತ್ತು ಅದು ಬಹಳ ಮೆತ್ತಗೆ ಬರುತ್ತದೆ. ಯಾರೋ ಒಬ್ಬರು ದಿನವೂ ಜೊತೆಗೆ ಆಡುತ್ತಾರೆ, ಗೆಲ್ಲಲು ಬಿಡುತ್ತಾರೆ, ಮಗು ಆಸೆಪಟ್ಟ ವಸ್ತುವನ್ನು ಉಡುಗೊರೆ ಕೊಡುತ್ತಾರೆ. ವಾರ ಕಳೆದ ಮೇಲೆ, ಇಲ್ಲಿ ಚಾಟ್ ಸರಿಯಿಲ್ಲ, ಬೇರೆ ಆ್ಯಪಿಗೆ ಬಾ ಎನ್ನುತ್ತಾರೆ. ಆಟದ ಕಂಪನಿಯ ಸೋಸುವ ಜರಡಿ, ಪೋಷಕರ ಮಿತಿ ಎಲ್ಲವೂ ಆ ಬಾಗಿಲಿನಲ್ಲಿ ಮುಗಿಯುತ್ತವೆ. ಆಮೇಲೆ ಫೋಟೋ ಕೇಳುವುದು, ಮನೆಯಲ್ಲಿ ಹೇಳಬೇಡ ಎನ್ನುವುದು. ಆದ್ದರಿಂದ ಮಗುವಿಗೆ ಹತ್ತು ನಿಯಮ ಹೇಳುವ ಬದಲು ನಾವು ಎರಡು ಹೇಳಿದೆವು: ಆಟದಿಂದ ಇನ್ನೊಂದು ಆ್ಯಪಿಗೆ ಕರೆದವರ ಹೆಸರನ್ನು ಅಮ್ಮನಿಗೆ ತೋರಿಸು, ಉಡುಗೊರೆ ಕೊಟ್ಟವರ ಹೆಸರನ್ನೂ ತೋರಿಸು. ತೋರಿಸಿದರೆ ಆಟ ಕಿತ್ತುಕೊಳ್ಳುವುದಿಲ್ಲ ಎಂದು ಅವನ ಎದುರಿಗೇ ತಂಗಿಯಿಂದ ಮಾತು ಪಡೆದೆ. ಆ ಭಯ ಇದ್ದರೆ ಯಾವ ಮಗುವೂ ತೋರಿಸುವುದಿಲ್ಲ. "ರೋಬಕ್ಸ್ ಉಚಿತ" ಎಂದು ಪಾಸ್‌ವರ್ಡ್ ಕೇಳುವ ಜಾಲತಾಣಗಳದ್ದೂ ಇದೇ ಜಾತಿ. ಅಲ್ಲಿ ರೋಬಕ್ಸ್ ಸಿಗುವುದಿಲ್ಲ, ಖಾತೆ ಹೋಗುತ್ತದೆ.

ಅಂಥದ್ದೇನಾದರೂ ಆಗಿಬಿಟ್ಟಿದ್ದರೆ ಸಂದೇಶಗಳನ್ನು ಅಳಿಸಬೇಡಿ. ಆಡಿದವರ ಬಳಕೆದಾರ ಹೆಸರು ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ಅವರನ್ನು ತಡೆಯಿರಿ. ದೂರಿಗೆ cybercrime.gov.in ಇದೆ. ಹಣದ ವಂಚನೆಗೆ 1930ಕ್ಕೆ, ಮಗುವಿನ ನೆರವಿಗೆ 1098ಕ್ಕೆ ಕರೆ ಮಾಡಬಹುದು.

ರೋಬ್ಲಾಕ್ಸ್‌ನಲ್ಲಿ 2026ರ ಜನವರಿಯಿಂದ ಚಾಟ್ ಬಳಸಬೇಕಾದರೆ ಮುಖವನ್ನು ಕ್ಯಾಮೆರಾಕ್ಕೆ ತೋರಿಸಿಯೋ ಗುರುತಿನ ಚೀಟಿ ಕೊಟ್ಟೋ ವಯಸ್ಸಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂಬತ್ತರ ಒಳಗಿನವರಿಗೆ ಪೋಷಕರು ಒಪ್ಪದ ಹೊರತು ಚಾಟ್ ಮುಚ್ಚಿಯೇ ಇರುತ್ತದೆ. ಇದು ಮೊದಲಿಗಿಂತ ಎಷ್ಟೋ ಮೇಲು. ಹಾಗೆಂದು ಕಣ್ಣು ಮುಚ್ಚುವಂತಿಲ್ಲ. ಮುಖ ನೋಡಿ ವಯಸ್ಸು ಹೇಳುವುದು ಅಂದಾಜಿನ ಕೆಲಸ, ಅಣ್ಣನ ಮುಖವನ್ನು ಕ್ಯಾಮೆರಾದ ಮುಂದೆ ಹಿಡಿಯುವ ತಮ್ಮಂದಿರೂ ಇರುತ್ತಾರೆ.

ಅಂಗಡಿಯೇ ಇಲ್ಲದ ಆಟಗಳು

ಬ್ರೌಸರಿನಲ್ಲಿ ನೇರವಾಗಿ ಆಡಿಸುವ ಜಾಲತಾಣಗಳಿಗೆ ವಯಸ್ಸಿನ ಚೀಟಿಯೂ ಇಲ್ಲ, ಪ್ಲೇ ಸ್ಟೋರಿನ ಬೀಗವೂ ಇಲ್ಲ. ಅಲ್ಲಿ ನಾನು ನೋಡುವುದು ಮೂರೇ. ಆಟ ಶುರುವಾಗುವ ಮುನ್ನ ಫೋನ್ ನಂಬರನ್ನೋ ಇಮೇಲನ್ನೋ ಕೇಳುತ್ತದೆಯೇ, Allow notifications ಎಂದು ಪೀಡಿಸುತ್ತದೆಯೇ, ನಿಜವಾದ Play ಗುಂಡಿಯ ಪಕ್ಕ ಅದರಂತೆಯೇ ಕಾಣುವ ಜಾಹೀರಾತಿನ ಗುಂಡಿ ಇದೆಯೇ. ಮೂರರಲ್ಲಿ ಒಂದಿದ್ದರೂ ಮುಚ್ಚುತ್ತೇನೆ. ಇಂಥ ತಾಣಗಳಿಗೆ ಬರವಿಲ್ಲ, ಇನ್ನೊಂದು ಸಿಗುತ್ತದೆ.

ಕೊನೆಗೆ ತಂಗಿಯ ಮನೆಯಲ್ಲಿ ಆದದ್ದು ಇಷ್ಟು. ರೋಬ್ಲಾಕ್ಸ್ ಹಾಕಿಕೊಟ್ಟೆವು: ನಿಜವಾದ ಹುಟ್ಟಿದ ದಿನ, ಒಳಗಿನ ಆಟಗಳಲ್ಲಿ Minimal ಮಾತ್ರ, ಖರ್ಚು ಸೊನ್ನೆ, ಚಾಟ್ ಮುಚ್ಚಿದ್ದು, ಮೈಕಿಗೆ ಅನುಮತಿ ಇಲ್ಲ, ಆಡುವುದು ನಡುಮನೆಯಲ್ಲಿ. ಈಗ ಅವನು ಅಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಮನೆಯಲ್ಲಿ ತನ್ನ ತಟ್ಟೆ ಎತ್ತಿಡಲು ಹತ್ತು ಸಲ ಹೇಳಿಸಿಕೊಳ್ಳುತ್ತಾನೆ. ಬರುವ ಮಾರ್ಚಿಗೆ ಅವನಿಗೆ ಒಂಬತ್ತು ತುಂಬುತ್ತದೆ. ಆ ದಿನದಿಂದ ಕಂಪನಿಯ ಲೆಕ್ಕದಲ್ಲಿ ಅವನು ಮುಂದಿನ ವಯೋಗುಂಪಿಗೆ ಸೇರುತ್ತಾನೆ, ಈಗ ತಾನಾಗಿಯೇ ಮುಚ್ಚಿರುವ ಬಾಗಿಲುಗಳಲ್ಲಿ ಕೆಲವು ತೆರೆಯಬಹುದು. ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹುಟ್ಟುಹಬ್ಬದ ಚೌಕದೊಳಗೆ ಪಾಯಸಕ್ಕೆ ತರಬೇಕಾದ ಸಾಮಾನಿನ ಕೆಳಗೆ ಬರೆದಿಟ್ಟಿದ್ದಾಳೆ: "ಚಾಟ್ ನೋಡುವುದು."